ಓಡುವ ಗಡಿಯಾರ, ಮುಚ್ಚಿದ ಬಾಗಿಲು

ಖರಾಡಿಯಲ್ಲಿ ನೆಲೆಸಿರುವ ನಮ್ಮ ಬಳಗದವರಲ್ಲಿ ಹಲವರು ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಆದುದರಿಂದ, ಕಳೆದ ಬಾರಿ ನಾವು ಕೂಡಿದ ಮನೆಯಲ್ಲಿ ಕೇಳಿಬಂದ ಒಂದು ಪ್ರಶ್ನೆ ನಮಗೆ ತುಸು ನೇರವಾಗಿಯೇ ತಾಗಿತು. ವಿಜಯಪುರದಿಂದ ಬಂದು ಸೋದರಮಾವನ ಮನೆಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಆನ್‌ಲೈನ್ ಪ್ರವೇಶ ಪರೀಕ್ಷೆಯ ನಡುವೆಯೇ ಲಾಗ್‌ಔಟ್ ಆಗಿದ್ದಳು. “ಗಡಿಯಾರ ಓಡಾಕತ್ತಿತ್ತಲ್ಲ ಮಾವಾ, ನಾ ಏನ್ ತಪ್ಪ ಮಾಡೀನಿ?” ಎಂಬುದು ಅವಳ ಪ್ರಶ್ನೆ. ಪರೀಕ್ಷೆ ನಡೆಸಿದವರ ಉತ್ತರ ಒಂದೇ ಸಾಲಿನದು: ಸಂಪರ್ಕದ ಹೊಣೆ ಅಭ್ಯರ್ಥಿಯದೇ. ಈ ಉತ್ತರ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಏಕೆ ಎಂಬುದನ್ನು ಆ ಒಂದು ಗಂಟೆಯನ್ನೇ ಬಿಡಿಸಿ ಹೇಳುತ್ತೇವೆ.

ಪರೀಕ್ಷೆ 11ಕ್ಕೆ ಆರಂಭವಾಯಿತು. ಅರವತ್ತು ನಿಮಿಷ, ಅರವತ್ತು ಪ್ರಶ್ನೆ, ತಲಾ ಇಪ್ಪತ್ತರಂತೆ ಮೂರು ಭಾಗ. ಒಂದು ಭಾಗದ ಪ್ರಶ್ನೆಗಳೆಲ್ಲ ಒಂದೇ ಪುಟದಲ್ಲಿದ್ದು, ಕೊನೆಯಲ್ಲಿ ‘ಉಳಿಸಿ ಮುಂದುವರಿಯಿರಿ’ ಎಂಬ ಗುಂಡಿ. ಅವಳು ಇಪ್ಪತ್ತಕ್ಕೂ ಗುರುತು ಹಾಕಿ 11.22ಕ್ಕೆ ಆ ಗುಂಡಿ ಒತ್ತಿದಳು. ಎದುರಾದದ್ದು ಎರಡನೆಯ ಭಾಗವಲ್ಲ, ಲಾಗಿನ್ ಪುಟ.

ಮಾವನಿಗೆ ಅನುಮಾನ ಬಂದು, ಅದೇ ಪೋರ್ಟಲಿನ ಅಭ್ಯಾಸ ಪರೀಕ್ಷೆಯನ್ನು ತೆರೆದು ಪರೀಕ್ಷಿಸಿದರು. ಹತ್ತೊಂಬತ್ತು ನಿಮಿಷ ಸುಮ್ಮನಿದ್ದು ಗುಂಡಿ ಒತ್ತಿದರೆ ಮುಂದಿನ ಪುಟ ಬಂತು. ಮತ್ತೆ ಹೊಸದಾಗಿ ಆರಂಭಿಸಿ ಇಪ್ಪತ್ತೊಂದು ನಿಮಿಷ ಕಾದು ಒತ್ತಿದರೆ ಲಾಗಿನ್ ಪುಟ ಬಂತು. ಮನೆಯ ಸಂಪರ್ಕ ಎರಡೂ ಬಾರಿ ಚೆನ್ನಾಗಿಯೇ ಇತ್ತು. ರಹಸ್ಯ ಅಲ್ಲಿಗೆ ಬಯಲಾಯಿತು.

ನಾವು ಲಾಗಿನ್ ಆದಾಗ ಸರ್ವರ್ ನಮಗೊಂದು ಗುರುತಿನ ಚೀಟಿ ಕೊಡುತ್ತದೆ. ಬ್ರೌಸರ್ ಅದನ್ನು ಕುಕಿಯಾಗಿ ಇಟ್ಟುಕೊಂಡು ಪ್ರತಿ ಕೋರಿಕೆಯೊಂದಿಗೂ ತೋರಿಸುತ್ತದೆ. ಬಹಳ ಹೊತ್ತು ಯಾವ ಕೋರಿಕೆಯೂ ಬಾರದಿದ್ದರೆ, ಈ ವ್ಯಕ್ತಿ ಎದ್ದುಹೋಗಿದ್ದಾನೆಂದು ಸರ್ವರ್ ಆ ಚೀಟಿಯನ್ನು ರದ್ದುಮಾಡುತ್ತದೆ. ಈ ಅವಧಿಯನ್ನು ಯಾರೂ ಬದಲಿಸದಿದ್ದರೆ ಎಎಸ್‌ಪಿ ಡಾಟ್‌ನೆಟ್‌ನಲ್ಲಿ ಅದು 20 ನಿಮಿಷ. ಪಿಎಚ್‌ಪಿಯಲ್ಲಿ `session.gc_maxlifetime` ಎಂಬುದರ ಮೊದಲ ಬೆಲೆ 1440 ಸೆಕೆಂಡು, ಅಂದರೆ 24 ನಿಮಿಷ. ಬ್ಯಾಂಕಿನ ಪುಟಕ್ಕೆ ಇದು ಒಳ್ಳೆಯ ಕಾವಲು. ಆದರೆ ಪರೀಕ್ಷೆ ಬರೆಯುವವರು ಯೋಚಿಸುತ್ತಾ ಕೂರುವುದೇ ಸಹಜ. ಅವರು ಹಾಕುವ ಗುರುತುಗಳು ಗುಂಡಿ ಒತ್ತುವವರೆಗೆ ಅವರ ಪರದೆಯಲ್ಲಷ್ಟೇ ಇರುತ್ತವೆ. ಸರ್ವರಿನ ಕಣ್ಣಿಗೆ ಅವರು ನಿದ್ರಿಸುತ್ತಿರುವವರು. ಪರದೆಯ ಮೇಲಿನ ಗಡಿಯಾರವೂ ಬ್ರೌಸರಿನೊಳಗೇ ಓಡುವಂಥದ್ದು, ಸರ್ವರನ್ನು ಅದು ಮಾತನಾಡಿಸುವುದಿಲ್ಲ. ಆದ್ದರಿಂದಲೇ 11.20ಕ್ಕೆ ಬಾಗಿಲು ಮುಚ್ಚಿದರೂ ಗಡಿಯಾರ ನಿಶ್ಚಿಂತೆಯಿಂದ ಓಡುತ್ತಲೇ ಇತ್ತು.

ಮುಂದಿನದು ಇನ್ನೂ ನೋವಿನ ಕಥೆ. ಮರಳಿ ಒಳಬರಲು ಬೇಕಾದ ಒಟಿಪಿ ತಡವಾಗಿ ಬಂತು. ಒಳಬಂದರೆ ಮೊದಲ ಭಾಗ ಖಾಲಿ. ಉತ್ತರಗಳು ಬೇರೆಲ್ಲಾದರೂ ಉಳಿದಿರಬಹುದೇ ಎಂದು ಅವಳು ಇನ್ನೊಂದು ಟ್ಯಾಬಿನಲ್ಲಿ ಪೋರ್ಟಲನ್ನು ತೆರೆದು ಲಾಗಿನ್ ಆದಳು. ಅಲ್ಲೂ ಖಾಲಿಯೇ ಕಂಡು ಮೊದಲ ಟ್ಯಾಬಿಗೆ ಹಿಂತಿರುಗಿ ಗುಂಡಿ ಒತ್ತಿದಾಗ ಎರಡೂ ಕಡೆ ಹೊರಬಿದ್ದಳು. ಒಂದೇ ಬ್ರೌಸರಿನ ಟ್ಯಾಬುಗಳೆಲ್ಲ ಒಂದೇ ಕುಕಿಯನ್ನು ಹಂಚಿಕೊಳ್ಳುತ್ತವೆ. ಹೊಸ ಲಾಗಿನ್ ಹಳೆಯ ಚೀಟಿಯನ್ನು ಅಳಿಸಿ ಹೊಸದನ್ನು ಇಟ್ಟಿತು. ಮೊದಲ ಟ್ಯಾಬಿನ ಪುಟದೊಳಗೆ ಮಾತ್ರ ಹಳೆಯ ಗುಪ್ತಸಂಖ್ಯೆಯೇ ಉಳಿದಿತ್ತು. ಎರಡೂ ಹೊಂದದಿರಲು ಪೋರ್ಟಲು ಇದನ್ನು ವಂಚನೆಯೆಂದು ಬಗೆಯಿತು. ಕೊನೆಗೆ ಒಳಬಂದಾಗ ಸಮಯ 11.37. ಅರವತ್ತು ಪ್ರಶ್ನೆಗೆ ಉಳಿದದ್ದು ಇಪ್ಪತ್ತಮೂರು ನಿಮಿಷ.

ಇಷ್ಟರಲ್ಲಿ ಅವಳ ಇಂಟರ್‌ನೆಟ್ ಒಮ್ಮೆಯೂ ಕಡಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಡಿದಿದ್ದರೂ, ಅರೆನಿಮಿಷ ಸಂಪರ್ಕ ತಪ್ಪಿದ ಮಾತ್ರಕ್ಕೆ ಯಾರೂ ಲಾಗ್‌ಔಟ್ ಆಗಬೇಕಿಲ್ಲ. ಚೀಟಿ ಜೀವಂತವಾಗಿಯೇ ಇರುತ್ತದೆ. ತೊಂದರೆ ಬರುವುದು ದಾರಿ ಬದಲಾದಾಗ. ವಿದ್ಯುತ್ ಹೋಗಿ ರೂಟರ್ ಆರುತ್ತದೆ, ನಾವು ಮೊಬೈಲಿನ ಹಾಟ್‌ಸ್ಪಾಟಿಗೆ ಹೊರಳುತ್ತೇವೆ, ನಮ್ಮ ಐಪಿ ವಿಳಾಸ ಬದಲಾಗುತ್ತದೆ. ಚೀಟಿಯನ್ನು ವಿಳಾಸಕ್ಕೆ ಕಟ್ಟಿಹಾಕಿರುವ ಪೋರ್ಟಲು ಆಗ ಅಪರಿಚಿತನೆಂದು ಹೊರಗಟ್ಟುತ್ತದೆ. ಅಲ್ಲಿಯೂ ಹೊರಹಾಕಿದ್ದು ಜಾಲವಲ್ಲ, ಪೋರ್ಟಲಿನ ನಿಯಮ.

ಹೀಗಿರುವಾಗ ನಮ್ಮ ವಾದ ಸರಳ. ಬಾಗಿಲು ಬೇರೆ, ಉತ್ತರ ಪತ್ರಿಕೆ ಬೇರೆ. ಅನುಮಾನ ಬಂದರೆ ಬಾಗಿಲು ಮುಚ್ಚಲಿ, ಗುರುತನ್ನು ಮತ್ತೊಮ್ಮೆ ಕೇಳಲಿ. ಆದರೆ ಒಳಗಿಟ್ಟ ಉತ್ತರ ಪತ್ರಿಕೆಯನ್ನು ಹರಿದುಹಾಕುವ ಹಕ್ಕು ಕಾವಲುಗಾರನಿಗಿಲ್ಲ. ಇದು ನಾವು ಕಟ್ಟಿದ ತತ್ತ್ವವಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 2008ರಲ್ಲಿ ಹೊರತಂದ ಸುಗಮತೆಯ ಸೂಚಿಗಳಲ್ಲೇ, ಅವಧಿ ಮುಗಿದವರು ಮತ್ತೆ ಗುರುತು ತೋರಿಸಿದಾಗ ಮಾಹಿತಿ ನಷ್ಟವಾಗದೆ ಕೆಲಸ ಮುಂದುವರಿಯಬೇಕೆಂಬ ಅಂಶವಿದೆ. ಅದು ಅತಿ ಉನ್ನತ ಹಂತದ ಸೂಚಿಯಾಗಿರುವುದರಿಂದ ಅನೇಕರು ಅದನ್ನು ಕೈಬಿಡುತ್ತಾರೆ. ಪರೀಕ್ಷೆಗಾದರೂ ಅದು ಕಡ್ಡಾಯವಾಗಬೇಕು. ಮೂಡಲ್ ಎಂಬ ಮುಕ್ತ ತಂತ್ರಾಂಶದ ಕ್ವಿಜ್ ಉತ್ತರಗಳನ್ನು ತಾನಾಗಿಯೇ ಆಗಾಗ ಉಳಿಸಿಕೊಳ್ಳುತ್ತದೆ. ಹಾಗೆ ಉಳಿಸುವಾಗ ಹೋಗುವ ಕೋರಿಕೆಯೇ ಅಭ್ಯರ್ಥಿ ಎಚ್ಚರವಾಗಿದ್ದಾನೆಂಬ ಸುದ್ದಿಯನ್ನೂ ಸರ್ವರಿಗೆ ಮುಟ್ಟಿಸುತ್ತದೆ. ಒಂದೇ ಕ್ರಮದಿಂದ ಎರಡು ಕೇಡು ತಪ್ಪುತ್ತವೆ.

ಖರ್ಚಿನ ಮಾತನ್ನು ಕೆಲವರು ಎತ್ತುತ್ತಾರೆ. ಒಂದು ಲಕ್ಷ ಜನ ನಿಮಿಷಕ್ಕೊಮ್ಮೆ ಉತ್ತರ ಉಳಿಸಿದರೆ ಸೆಕೆಂಡಿಗೆ ಸುಮಾರು 1,670 ಕೋರಿಕೆಗಳಾಗುತ್ತವೆ. ಒಂದೊಂದೂ ಕೆಲವೇ ಅಕ್ಷರಗಳಷ್ಟು ಚಿಕ್ಕದು. ಅಷ್ಟೇ ಜನ 11 ಗಂಟೆಗೆ ಒಟ್ಟಿಗೆ ಬಾಗಿಲು ತಟ್ಟುವುದೇ ಇದಕ್ಕಿಂತ ಭಾರವಾದ ಹೊರೆ. ಅದಕ್ಕೆ ಸಿದ್ಧರಾದವರಿಗೆ ಇದು ಕಷ್ಟವಲ್ಲ.

ಎರಡನೆಯ ಆಕ್ಷೇಪ ತೂಕದ್ದು. ಬೇಕೆಂದೇ ಸಂಪರ್ಕ ಕಡಿದು, ಉತ್ತರ ಹುಡುಕಿ, ಹೆಚ್ಚುವರಿ ಸಮಯ ಬೇಡುವವರೂ ಇರುತ್ತಾರೆ. ಆದ್ದರಿಂದ ಲಾಗ್‌ಔಟ್ ಆದವರಿಗೆಲ್ಲ ಸಮಯ ಕೊಡಿ ಎಂದು ನಾವು ಹೇಳುವುದಿಲ್ಲ. ಸರ್ವರಿನ ದಾಖಲೆಯನ್ನು ನೋಡಿ ಎನ್ನುತ್ತೇವೆ. ಸರಿಯಾಗಿ ದಾಖಲಿಸಿದ್ದರೆ ಚೀಟಿ ಅವಧಿ ಮುಗಿದು ಸತ್ತಿತೇ, ಇನ್ನೊಂದು ಲಾಗಿನ್ನಿನಿಂದ ಅಳಿಯಿತೇ, ವಿಳಾಸ ಬದಲಾಯಿತೇ ಎಂಬುದು ಅಲ್ಲಿ ಸಮಯಸಹಿತ ಕಾಣುತ್ತದೆ. ಅವಧಿ ಮುಗಿದು ಸತ್ತಿದ್ದರೆ ತಪ್ಪು ಪೋರ್ಟಲಿನದೇ, ಕಳೆದ ನಿಮಿಷಗಳನ್ನು ಮರಳಿಸಬೇಕು. ದಾಖಲೆ ಇರುವುದು ಅವರ ಕೈಯಲ್ಲಿ. ಪುರಾವೆಯನ್ನು ಹುಡುಗಿಯಿಂದ ಕೇಳುವುದು ಯಾವ ನ್ಯಾಯ?

ಇದೇ ಪುಣೆಯಲ್ಲಿ 2020ರ ಅಕ್ಟೋಬರಿನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ಅಂತಿಮ ವರ್ಷದ ಪರೀಕ್ಷೆಗಳನ್ನು ಆನ್‌ಲೈನಿನಲ್ಲಿ ನಡೆಸಿದಾಗ, ತಾಂತ್ರಿಕ ಅಡಚಣೆಗೆ ಸಿಕ್ಕಿದವರಿಗೆ ಮರುಪರೀಕ್ಷೆಯ ಅವಕಾಶ ಕೊಡಬೇಕಾಯಿತು. ಅಡಚಣೆಯ ಹೊಣೆಯನ್ನು ಪರೀಕ್ಷೆ ನಡೆಸುವವರೂ ಹೊರಬಹುದು ಎಂಬುದಕ್ಕೆ ಅದೊಂದು ನಿದರ್ಶನ. ಆದರೆ ಪ್ರವೇಶ ಪರೀಕ್ಷೆಗೆ ಎರಡನೆಯ ದಿನ ಸುಲಭವಾಗಿ ದೊರೆಯುವುದಿಲ್ಲ.

ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಹೇಳಬೇಕಾದದ್ದು ಸ್ವಲ್ಪವೇ. ಒಂದೇ ಬ್ರೌಸರ್, ಒಂದೇ ಟ್ಯಾಬ್. ಐದಾರು ನಿಮಿಷಕ್ಕೊಮ್ಮೆ ‘ಉಳಿಸಿ’ ಗುಂಡಿ. ಹಾಟ್‌ಸ್ಪಾಟ್ ಬಳಸುವುದಾದರೆ ಆರಂಭದಿಂದಲೇ ಅದು. ಹೊರಬಿದ್ದರೆ, ಸಮಯ ಕಾಣುವಂತೆ ಪರದೆಯ ಚಿತ್ರ. ಅಭ್ಯಾಸ ಪರೀಕ್ಷೆಯಿದ್ದರೆ ಮಾವ ಮಾಡಿದಂತೆ ಸುಮ್ಮನೆ ಕೂತು ನೋಡುವುದೂ ಒಂದು ಅಭ್ಯಾಸವೇ.

ಉಳಿದ ಮಾತು ನಮಗೇ. ಇಂಥ ಪೋರ್ಟಲುಗಳನ್ನು ಕಟ್ಟುವವರು ನಮ್ಮಂಥವರೇ. ಯಾರೂ ಮುಟ್ಟದೆ ಬಿಟ್ಟ ಆ ಇಪ್ಪತ್ತು ನಿಮಿಷದ ಸಂಖ್ಯೆಯನ್ನು ಒಬ್ಬರಾದರೂ ನಿಂತು ನೋಡಿದ್ದರೆ ಆ ಹುಡುಗಿ ಎರಡನೆಯ ಭಾಗಕ್ಕೆ ಹೋಗುತ್ತಿದ್ದಳು. ಅವಳ ತಪ್ಪೇನೂ ಇರಲಿಲ್ಲ ಎಂದು ಅಂದು ನಾವು ಹೇಳಿದೆವು. ಹಾಗಾದರೆ ತಪ್ಪು ಯಾರದು ಎಂದು ಅವಳು ಮತ್ತೆ ಕೇಳಲಿಲ್ಲ.