ಮೊದಲು ಕೊಂಡದ್ದು ಮೊದಲು ಹೋಗಲಿ

2024-25ರ ರಿಟರ್ನ್ ತುಂಬಲು ಕೂತಾಗ ಬ್ರೋಕರ್ ಕಳಿಸಿದ ಲಾಭದ ಲೆಕ್ಕಕ್ಕೂ ನನ್ನ ಶೀಟ್‌ಗೂ ತಾಳೆಯಾಗಲಿಲ್ಲ. ಒಂದೇ ಮಾರಾಟದಲ್ಲಿ 1,200 ರೂಪಾಯಿ ವ್ಯತ್ಯಾಸ. ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಬರೆಯುವವನ ಶೀಟ್ ತಪ್ಪಿರುತ್ತದೆಯೇ? ಖಾರವಾಗಿ ಒಂದು ಮೇಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ, ಏಕೆಂದರೆ ತಪ್ಪು ನನ್ನದೇ ಆಗಿತ್ತು.

ನಾನು ಸರಾಸರಿ ಬೆಲೆ ಹಿಡಿದಿದ್ದೆ. ಡಿಮ್ಯಾಟ್ ಷೇರುಗಳಿಗೆ ಆದಾಯ ತೆರಿಗೆ ಕಾನೂನು ಹೇಳುವುದು ಮೊದಲು ಬಂದದ್ದು ಮೊದಲು ಹೋಗಬೇಕೆಂದು. 12 ಜೂನ್ 2023ರಂದು 200ರಂತೆ 100 ಷೇರು ಕೊಂಡಿದ್ದೆ, 5 ಫೆಬ್ರವರಿ 2024ರಂದು 260ರಂತೆ 50. 2 ಸೆಪ್ಟೆಂಬರ್ 2024ರಂದು 300ರಂತೆ 120 ಮಾರಿದೆ. ಸರಾಸರಿ 220 ಎಂದುಕೊಂಡರೆ ಲಾಭ 9,600. ಸರದಿಯಂತೆ ಹೋದರೆ ಮೊದಲ 100ರಿಂದ 10,000, ಎರಡನೇ ಕಂತಿನ 20ರಿಂದ 800. ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮೊದಲಿನದಕ್ಕೆ ವರ್ಷ ದಾಟಿದೆ, ಎರಡನೆಯದಕ್ಕೆ ಏಳೇ ತಿಂಗಳು. ಆ 800ಕ್ಕೆ ಶೇ. 20 ತೆರಿಗೆ, 10,000 ದೀರ್ಘಾವಧಿಯದು, ವರ್ಷದ 1.25 ಲಕ್ಷದ ವಿನಾಯಿತಿಯೊಳಗೇ ಬರುತ್ತದೆ. ಯಾವ ಷೇರಿಗೆ ವರ್ಷ ದಾಟಿದೆ ಎಂಬುದನ್ನು ಸರಾಸರಿ ಹೇಳುವುದೇ ಇಲ್ಲ.

ಆಮೇಲೆ 11 ನವೆಂಬರ್‌ನಲ್ಲಿ 280ರಂತೆ 40 ಕೊಂಡು, 3 ಮಾರ್ಚ್ 2025ರಂದು 310ರಂತೆ 50 ಮಾರಿದೆ. ಹೀಗೆ ಅರ್ಧರ್ಧ ಮಾರಿ ಮತ್ತೆ ಕೊಂಡಾಗ ಕಂತುಗಳನ್ನು ಕೈಯಿಂದ ಕಳೆಯುತ್ತಾ ಹೋದರೆ ತಲೆ ಕೆಡುತ್ತದೆ. ರೇಷನ್ ಅಂಗಡಿಯ ಸಾಲು ನೆನೆಸಿಕೊಳ್ಳಿ. ಕೊಂಡ ಷೇರುಗಳು ಒಂದರ ಹಿಂದೆ ಒಂದು ನಿಂತಿವೆ: 0-100, 100-150, 150-190. ಮಾರಾಟಗಳೂ ಅದೇ ಸಾಲಿನ ತುಂಡುಗಳು: 0-120, 120-170. ಎರಡೂ ಎಲ್ಲಿ ಒಂದರ ಮೇಲೊಂದು ಬೀಳುತ್ತವೋ ಅಷ್ಟು ಷೇರು ಆ ಕಂತಿನಿಂದ ಹೋಗಿದೆ. ಕಂತಿನ ಆರಂಭ, ಕೊನೆ B, C ಕಾಲಂಗಳಲ್ಲಿ. ಮಾರಾಟದ್ದು 1, 2ನೇ ಸಾಲುಗಳಲ್ಲಿ:

```
=MAX(0, MIN($C4,E$2)-MAX($B4,E$1))
```

ಎರಡನೇ ಕಂತು, ಎರಡನೇ ಮಾರಾಟ: 150ರಿಂದ 120 ಕಳೆದರೆ 30. ಉಳಿದ 20 ನವೆಂಬರ್ ಕಂತಿನದು. ಲಾಭ 1,500 ದೀರ್ಘಾವಧಿ, 600 ಅಲ್ಪಾವಧಿ.

ಶೀಟ್ ಸರಿಯಿದೆಯೇ ಎಂದು ತಿಳಿಯಲು ಉಳಿದ ಷೇರು ನೋಡಿ. ನನಗೆ 20 ಬರಬೇಕು, ಡಿಮ್ಯಾಟ್‌ನಲ್ಲೂ 20 ಇರಬೇಕು. ಹೊಂದದಿದ್ದರೆ ಬೋನಸ್ ಅಥವಾ ಸ್ಪ್ಲಿಟ್ ಬರೆಯುವುದು ಮರೆತಿದೆ. ಮಾರಿದ ದಿನಕ್ಕಿಂತ ನಂತರ ಕೊಂಡ ಕಂತಿನಿಂದ ಷೇರು ಹೋಗಿದ್ದರೆ ಯಾವುದೋ ಹಳೆಯ ಖರೀದಿ ಬಿಟ್ಟುಹೋಗಿದೆ. ಎರಡು ಡಿಮ್ಯಾಟ್ ಖಾತೆ ಇರುವವರು ಒಂದೊಂದಕ್ಕೂ ಬೇರೆ ಸಾಲು ಮಾಡಬೇಕು, ಏಕೆಂದರೆ ಸರದಿ ನಡೆಯುವುದು ಆಯಾ ಖಾತೆಯೊಳಗೆ ಮಾತ್ರ. ನನ್ನ ಹಳೆಯ ಪುಣೆ ಖಾತೆ ಇನ್ನೂ ಮುಚ್ಚಿಲ್ಲವಾದ್ದರಿಂದ ಅದಕ್ಕೊಂದು ಶೀಟ್ ಬಾಕಿ ಇದೆ.