ನೇರ ಓಟಕ್ಕೂ ಕೋನೀಯ ಸಂವೇಗ

ಕೋನೀಯ ಸಂವೇಗವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಬುಗುರಿಯೋ ಬಂಡಿಯ ಚಕ್ರವೋ ನೆನಪಿಗೆ ಬರುತ್ತದೆ. ಪಾಠವನ್ನು ತಿರುಗುವ ವಸ್ತುಗಳಿಂದಲೇ ಆರಂಭಿಸುವ ರೂಢಿ ಇದಕ್ಕೆ ಕಾರಣ. ನೇರ ರೇಖೆಯಲ್ಲಿ ಸಾಗುವ ಕಣದಿಂದ ಅದನ್ನು ಆರಂಭಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ನೇರವಾದ ಒಂದು ಭಾಗವನ್ನು ಊಹಿಸಿಕೊಳ್ಳೋಣ. ದಾರಿಯಿಂದ 40 ಮೀಟರ್ ಒಳಗೆ, ಹೊಲದ ಬದುವಿನ ಮೇಲೆ, ಒಂದು ಬೇವಿನ ಮರವಿರಲಿ. 1000 ಕಿಲೋಗ್ರಾಂ ದ್ರವ್ಯರಾಶಿಯ ಕಾರೊಂದು ಸೆಕೆಂಡಿಗೆ 15 ಮೀಟರಿನ ಸಮವೇಗದಿಂದ ಹರಿಹರದತ್ತ ಸಾಗುತ್ತಿದೆ. ಈ ಕಾರನ್ನೇ ಒಂದು ಕಣವೆಂದು ಎಣಿಸೋಣ. ಕಾರಿನ ಸಂವೇಗವನ್ನು, ಮರದಿಂದ ಅದರ ಪಥಕ್ಕೆ ಎಳೆದ ಲಂಬದ ಉದ್ದದಿಂದ ಗುಣಿಸಿದರೆ ಮರವನ್ನು ಕುರಿತ ಕೋನೀಯ ಸಂವೇಗ ದೊರೆಯುತ್ತದೆ: 1000 × 15 × 40, ಅಂದರೆ 6,00,000 ಮಾನಗಳು.

ಆದರೆ ಕಾರಿಗೂ ಮರಕ್ಕೂ ಇರುವ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತಿದೆಯಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳದಿರನು. ಕೇಳಬೇಕಾದ ಪ್ರಶ್ನೆಯೇ ಸರಿ. ಮರದ ನೇರಕ್ಕೆ ಬರಲು ಇನ್ನು 30 ಮೀಟರ್ ಇರುವಾಗ ಕಾರು ಮರದಿಂದ 50 ಮೀಟರ್ ದೂರದಲ್ಲಿರುತ್ತದೆ. ಆಗ ಅದರ ವೇಗದ ಒಂದಂಶ ಮರವನ್ನು ಸಮೀಪಿಸುವುದರಲ್ಲಿಯೇ ವ್ಯಯವಾಗುತ್ತದೆ. ಅಡ್ಡಲಾಗಿ ಉಳಿಯುವುದು ಸೆಕೆಂಡಿಗೆ 12 ಮೀಟರ್ ಮಾತ್ರ. ಮರದ ನೇರಕ್ಕೆ ಬಂದಾಗ ದೂರ 40 ಮೀಟರಿಗೆ ಇಳಿಯುತ್ತದೆ, ಅಡ್ಡವೇಗ 15ಕ್ಕೆ ಏರುತ್ತದೆ. 50ನ್ನು 12ರಿಂದ ಗುಣಿಸಿದರೂ 40ನ್ನು 15ರಿಂದ ಗುಣಿಸಿದರೂ 600. ಒಂದು ನಷ್ಟವಾದಷ್ಟೇ ಇನ್ನೊಂದು ಲಾಭ. ಮರದಡಿ ನಿಂತು ಕಾರನ್ನು ನೋಡುವ ಹುಡುಗನ ಕತ್ತು ಮಾತ್ರ ಕಾರು ಹತ್ತಿರ ಬಂದಂತೆ ಹೆಚ್ಚು ಬೇಗ ತಿರುಗಬೇಕಾಗುತ್ತದೆ. ಕೋನವೇಗವು ಬದಲಾಗುತ್ತದೆ, ಕೋನೀಯ ಸಂವೇಗವು ಬದಲಾಗುವುದಿಲ್ಲ.

ರೇಖಾಗಣಿತದಲ್ಲಿ ಇದು ಇನ್ನೂ ಸುಲಭ. ಮರವನ್ನೂ ಕಾರನ್ನೂ ಸೇರಿಸುವ ರೇಖೆ ಪ್ರತಿ ಸೆಕೆಂಡಿಗೆ ಒಂದೊಂದು ತ್ರಿಭುಜವನ್ನು ಗುಡಿಸುತ್ತದೆ. ಪಾದ 15, ಎತ್ತರ 40. ಎಲ್ಲ ತ್ರಿಭುಜಗಳ ಕ್ಷೇತ್ರಫಲವೂ 300 ಚದರ ಮೀಟರ್. 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯ'ದಲ್ಲಿ ಗ್ರಹಗಳ ಸಮಕ್ಷೇತ್ರ ನಿಯಮವನ್ನು ಸಾಧಿಸಲು ನ್ಯೂಟನ್ ಮೊದಲು ಇಟ್ಟ ಹೆಜ್ಜೆಯೂ ಇದೇ.

ಪಥ ನೇರವಾಗಿದ್ದರೆ ಸಾಕೆಂದು ಬಾಯಿಪಾಠ ಮಾಡುವವರುಂಟು. ಅದು ಸಾಲದು. ಸಮವೇಗದಲ್ಲಿ ಎಂಜಿನ್ನಿನ ನೂಕನ್ನು ಗಾಳಿಯ ಮತ್ತು ನೆಲದ ತಡೆ ಸರಿದೂಗಿಸುವುದರಿಂದ ಕಾರಿನ ಮೇಲೆ ಬಲವೇ ಉಳಿಯುವುದಿಲ್ಲ. ಸಂವೇಗ ಸ್ಥಿರವಾಗಿರುವುದು ಅದರಿಂದ. ಚಾಲಕನು ಬ್ರೇಕ್ ಒತ್ತಿದನೆನ್ನಿ. ಪ್ರತಿ ಸೆಕೆಂಡಿಗೂ ವೇಗ 2 ಮೀಟರಿನಷ್ಟು ಕುಗ್ಗಿದರೆ, ತಡೆಯುವ ಬಲ 2000 ನ್ಯೂಟನ್. ಆ ಬಲದ ರೇಖೆ ಮರದಿಂದ 40 ಮೀಟರ್ ದೂರದಲ್ಲಿ ಹಾಯುವುದರಿಂದ ಅದರ ಭ್ರಾಮಕ 80,000. ಮರುಸೆಕೆಂಡಿಗೆ 1000 × 13 × 40, ಅಂದರೆ 5,20,000. ಇಳಿದದ್ದು ಸರಿಯಾಗಿ 80,000. ಪಥ ಮಾತ್ರ ಮೊದಲಿನಷ್ಟೇ ನೇರ!

ಇನ್ನು ಮರವನ್ನು ಬಿಟ್ಟು, ಕಾರು ಸಾಗುವ ರೇಖೆಯ ಮೇಲೆಯೇ ಒಂದು ಬಿಂದುವನ್ನು ಗುರುತಿಸಿದರೆ, ಲಂಬದೂರ ಸೊನ್ನೆ. ಆ ಬಿಂದುವನ್ನು ಕುರಿತು ಕೋನೀಯ ಸಂವೇಗವೂ ಸೊನ್ನೆ; ಬ್ರೇಕ್ ಎಷ್ಟೇ ಬಲವಾಗಿ ಒತ್ತಿದರೂ ಅದು ಸೊನ್ನೆಯಾಗಿಯೇ ಉಳಿಯುತ್ತದೆ.