ಒಪ್ಪಿಗೆಯ ಮೇಲ್‌ನಲ್ಲಿ ಒಂದೇ ಪ್ರಶ್ನೆ

ಎಚ್‌ಆರ್ ಫೋನಿನಲ್ಲಿ ಹೇಳಿದ್ದು ಒಂದು, ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿದ್ದು ಇನ್ನೊಂದು. ಹೊರರಾಜ್ಯಗಳಲ್ಲಿರುವ ನಮ್ಮವರು ಸೇರಿದಾಗಲೆಲ್ಲ ಈ ದೂರು ಕೇಳಿಬರುತ್ತದೆ. ಊರು ಬದಲಿಸಿ, ಮನೆಗೆ ಡಿಪಾಸಿಟ್ ಕೊಟ್ಟು, ಮಕ್ಕಳನ್ನು ಹೊಸ ಶಾಲೆಗೆ ಸೇರಿಸಿದವರಿಗೆ ಆ ವ್ಯತ್ಯಾಸ ಸಣ್ಣದಲ್ಲ. ಇದನ್ನು ಬಹುಮಟ್ಟಿಗೆ ತಡೆಯಬಲ್ಲ ಕಾಗದವನ್ನು ಬರೆಯಬೇಕಾದವರು ನಾವೇ. ಆದರೆ ಆ ಒಪ್ಪಿಗೆಯ ಮೇಲ್ ಅನ್ನು ಹೆಚ್ಚಿನವರು ‘ಒಪ್ಪಿದ್ದೇನೆ, ಧನ್ಯವಾದ’ ಎಂಬಲ್ಲಿಗೆ ಮುಗಿಸುತ್ತಾರೆ.

ಕಳೆದ ವರ್ಷ ಹೈದರಾಬಾದ್ ಬಿಟ್ಟು ಪುಣೆಯ ಕಂಪನಿಗೆ ಬರುವಾಗ ನನ್ನ ನೋಟಿಸ್ ಅವಧಿ 90 ದಿನ ಇತ್ತು. ಹೊಸ ಕಂಪನಿಗೆ ನಾನು 60 ದಿನಗಳಲ್ಲಿ ಬೇಕಿತ್ತು. ಉಳಿದ 30 ದಿನಗಳ ಹಣವನ್ನು ಹಳೆಯ ಕಂಪನಿ ಕಡಿತ ಮಾಡುತ್ತದೆ. ಆ ‘ನೋಟಿಸ್ ಬೈಔಟ್ ಮರುಪಾವತಿ ಮಾಡಲಾಗುವುದು’ ಎಂದು ಆಫರ್ ಲೆಟರ್‌ನಲ್ಲಿತ್ತು. ಎಷ್ಟು ಎಂದು ಇರಲಿಲ್ಲ. ನನ್ನ ತಿಂಗಳ ಒಟ್ಟು ಸಂಬಳ 1,50,000 ರೂಪಾಯಿ, ಅದರಲ್ಲಿ ಬೇಸಿಕ್ 60,000. ಹಳೆಯ ಕಂಪನಿ ಒಟ್ಟು ಸಂಬಳದ ಮೇಲೆ ಹಿಡಿದುಕೊಂಡು, ಹೊಸದು ಬೇಸಿಕ್ ಲೆಕ್ಕದಲ್ಲಿ ಕೊಟ್ಟರೆ 90,000 ರೂಪಾಯಿ ನನ್ನ ಜೇಬಿನಿಂದ ಹೋಗುತ್ತಿತ್ತು.

ನಾನು ಇಂಗ್ಲಿಷಿನಲ್ಲಿ ಬರೆದ ಮೇಲ್‌ನ ಸಾರ ಇದು:

‘ಆಫರ್ ಲೆಟರ್‌ನಲ್ಲಿರುವ ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ. ನಾನು ಅರ್ಥ ಮಾಡಿಕೊಂಡಿರುವ ಷರತ್ತುಗಳು ಹೀಗಿವೆ: ವರ್ಷಕ್ಕೆ ನಿಶ್ಚಿತ ಸಂಬಳ 24 ಲಕ್ಷ, ಕಾರ್ಯಕ್ಷಮತೆಗೆ ತಕ್ಕಂತೆ 3 ಲಕ್ಷದವರೆಗೆ, ಸೇರುವ ದಿನ ರಾಜೀನಾಮೆಯಿಂದ 60 ದಿನಕ್ಕೆ, ಸ್ಥಳ ಪುಣೆ. ವಾರಕ್ಕೆ ಮೂರು ದಿನ ಆಫೀಸಿಗೆ ಬಂದರೆ ಸಾಕು ಎಂದು ತಾವು ಫೋನಿನಲ್ಲಿ ತಿಳಿಸಿದ್ದಿರಿ. ಅದು ಪತ್ರದಲ್ಲಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ. ಇದರಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ತಿದ್ದಿ.

ಒಂದು ವಿಷಯ ಮಾತ್ರ ಸ್ಪಷ್ಟವಾಗಬೇಕಿದೆ. ಬೈಔಟ್ ಮರುಪಾವತಿ ಹಳೆಯ ಕಂಪನಿ ಕಡಿತ ಮಾಡುವ ಪೂರ್ಣ ಮೊತ್ತಕ್ಕೋ, ಬೇಸಿಕ್‌ಗೆ ಮಾತ್ರವೋ? ರಾಜೀನಾಮೆ ಕೊಡುವ ಮುನ್ನ ಲಿಖಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ.’

ಇಲ್ಲಿ ಒಪ್ಪಿಗೆಗೂ ಪ್ರಶ್ನೆಗೂ ಗಂಟು ಹಾಕಿಲ್ಲ ಎಂಬುದನ್ನು ಗಮನಿಸಿ. ಒಪ್ಪಿಗೆ ಪೂರ್ಣವಾಗಿ, ಷರತ್ತಿಲ್ಲದೆ ಇರಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಂ. ‘ಪೂರ್ತಿ ಹಣ ಕೊಡುವುದಾದರೆ ಬರುತ್ತೇನೆ’ ಎಂದು ಬರೆದರೆ ಅದು ಒಪ್ಪಿಗೆಯಲ್ಲ, ನಮ್ಮ ಕಡೆಯಿಂದ ಹೊಸ ಪ್ರಸ್ತಾಪ; ಕಂಪನಿ ಅದನ್ನು ತಳ್ಳಿಹಾಕಬಹುದು. ಹಾಗಾಗಿ ಒಪ್ಪಿಗೆಯ ಮೇಲ್‌ನಲ್ಲಿ ಕೇಳಬೇಕಾದದ್ದು, ಉತ್ತರ ಯಾವ ಕಡೆಗೆ ಬಂದರೂ ನಾವು ಸೇರುವಂಥ ಪ್ರಶ್ನೆಯನ್ನು ಮಾತ್ರ. ಉತ್ತರ ‘ಇಲ್ಲ’ ಎಂದಾದರೆ ಸೇರುವುದೇ ಇಲ್ಲ ಎನ್ನುವಂಥ ಪ್ರಶ್ನೆಯನ್ನು ಒಪ್ಪುವ ಮೊದಲೇ ಕೇಳಿ ಇತ್ಯರ್ಥ ಮಾಡಿಕೊಳ್ಳಬೇಕು. 90,000 ಹೋದರೂ ಹೊಸ ಕೆಲಸ ನನಗೆ ಬೇಕಿತ್ತು. ಅದಕ್ಕೇ ಅದು ಒಪ್ಪಿಗೆಯ ಜೊತೆಗೆ ಕೇಳಬಹುದಾದ ಪ್ರಶ್ನೆಯಾಯಿತು. ಒಂದೇ ಪ್ರಶ್ನೆ ಏಕೆ? ಐದು ಕೇಳಿದರೆ ಸುಲಭವಾದ ಮೂರಕ್ಕೆ ಉತ್ತರ ಬರುತ್ತದೆ, ದುಡ್ಡಿನದು ಉಳಿದುಬಿಡುತ್ತದೆ.

ಮೇಲ್‌ಗೆ ಉತ್ತರವಾಗಿ ಬಂದದ್ದು ಫೋನ್ ಕರೆ: ‘ಚಿಂತೆ ಬೇಡ, ಆಗುತ್ತೆ.’ ಹೀಗಾಗುವುದೇ ಹೆಚ್ಚು. ಯಾರೂ ಮೋಸ ಮಾಡುತ್ತಿದ್ದಾರೆಂದಲ್ಲ. ಕರೆ ಮಾಡಿದವರಿಗೆ ಹಣ ಮಂಜೂರು ಮಾಡುವ ಅಧಿಕಾರ ಇಲ್ಲದಿರಬಹುದು, ನಾವು ಸೇರುವಷ್ಟರಲ್ಲಿ ಅವರೇ ಕೆಲಸ ಬಿಟ್ಟಿರಬಹುದು. ನಾನು ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆದೆ: ‘ಇಂದು ಮಾತನಾಡಿದಂತೆ ಪೂರ್ಣ ಮೊತ್ತ ಎಂದು ತಿಳಿದಿದ್ದೇನೆ. ಸರಿಯೇ?’ ಮೂರನೇ ದಿನ ಬರಹದಲ್ಲಿ ಉತ್ತರ ಬಂತು: ಗರಿಷ್ಠ 1 ಲಕ್ಷ, ಹಳೆಯ ಕಂಪನಿಯ ಅಂತಿಮ ಲೆಕ್ಕದ ಪತ್ರ ತೋರಿಸಿದ ಮೇಲೆ, ಸಂಬಳದ ಜೊತೆಗೆ ತೆರಿಗೆ ಕಳೆದು. ಫೋನಿನ ‘ಆಗುತ್ತೆ’ಗೂ ಇದಕ್ಕೂ ಕನಿಷ್ಠ 50,000 ರೂಪಾಯಿ ಅಂತರ. ಅದನ್ನು ತಿಳಿದುಕೊಂಡೇ ರಾಜೀನಾಮೆ ಕೊಟ್ಟೆ.

ಈ ಮೇಲ್‌ಗೂ ಒಂದು ಮಿತಿಯಿದೆ. ಸೇರುವ ದಿನ ಸಹಿ ಹಾಕಿಸುವ ನೇಮಕಾತಿ ಪತ್ರದಲ್ಲಿ, ಹಿಂದಿನ ಎಲ್ಲ ಮಾತುಕತೆ, ಪತ್ರಗಳ ಬದಲಿಗೆ ಇದೇ ಅಂತಿಮ ಎಂಬ ಸಾಲು ಹಲವು ಕಡೆ ಇರುತ್ತದೆ. ಆ ಸಾಲಿನ ಮುಂದೆ ನಮ್ಮ ಮೇಲ್‌ಗೆ ಹೆಚ್ಚು ಬಲವಿರುವುದಿಲ್ಲ. ಆದ್ದರಿಂದ ಉತ್ತರ ಬಂದ ಮೇಲೆ ಅದನ್ನು ಆಫರ್ ಲೆಟರ್‌ನ ಅನುಬಂಧದಲ್ಲಿ ಸೇರಿಸಿಕೊಡಿ ಎಂದು ಕೇಳಬೇಕು. ಕಂಪನಿ ಒಪ್ಪದಿದ್ದರೆ, ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಹಳೆಯ ಕೆಲಸ ಕೈಯಲ್ಲಿರುವಾಗಲೇ ತಿಳಿಯುತ್ತದೆ.